ನಿಲ್ ಬಂದ ಇಸಿ, ಏಳು ಸಾಲಿನ ಇಸಿ

ತುಮಕೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ನಾವು ಒಂದೂವರೆ ಎಕರೆ ಜಮೀನು ತೆಗೆದುಕೊಂಡೆವು. ಅರ್ಧದಲ್ಲಿ ತೆಂಗು, ಉಳಿದದ್ದು ರಾಗಿ ಬೆಳೆಯುತ್ತಿದ್ದ ಹೊಲ. ಒಂದು ಬೋರ್‌ವೆಲ್ ಇದೆ. ಬೆಲೆ ಮಾತಾಡಿದ್ದು ಎರಡೇ ದಿನದಲ್ಲಿ ಮುಗಿಯಿತು. ರಿಜಿಸ್ಟ್ರೇಷನ್ ಆಗುವ ಹೊತ್ತಿಗೆ ಮಾತ್ರ ನಾಲ್ಕು ತಿಂಗಳಾಯಿತು. ಅಷ್ಟು ತಡವಾಗಿದ್ದು ಇಸಿಯಿಂದ. ಇಸಿ ಅಂದರೆ ಎನ್‌ಕಂಬ್ರೆನ್ಸ್ ಸರ್ಟಿಫಿಕೇಟ್, ಒಂದು ಆಸ್ತಿಯ ಮೇಲೆ ನೋಂದಣಿಯಾದ ವಹಿವಾಟುಗಳನ್ನು ತೋರಿಸುವ ಹಾಳೆ. ಆ ನಾಲ್ಕು ತಿಂಗಳಲ್ಲಿ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಜಮೀನು ಹುಡುಕುತ್ತಿರುವ ಯಾರಿಗಾದರೂ ನನ್ನ ಹಾಗೆ ಆಗಬಹುದು.

ಮಾತುಕತೆ ಮುಗಿದ ದಿನ ರಾತ್ರಿಯೇ ಮೊಬೈಲ್‌ನಲ್ಲಿ kaveri.karnataka.gov.in ತೆಗೆದು ಇಸಿಗೆ ಅರ್ಜಿ ಹಾಕಿದೆ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ಕೊಡಬೇಕು. ಪಹಣಿಯಲ್ಲಿ ಸರ್ವೆ ನಂಬರ್ 47, ಹಿಸ್ಸಾ 6 ಅಂತ ಇತ್ತು. ಅದನ್ನೇ ಹಾಕಿದೆ. ಆನ್‌ಲೈನಿನಲ್ಲಿ ದಾಖಲೆ ಸಿಗುವುದು 2004ರ ಏಪ್ರಿಲ್ 1ರಿಂದ ಈಚೆಗೆ. ಹಾಗಾಗಿ ಆ ದಿನದಿಂದ ಇವತ್ತಿನವರೆಗೆ ಅಂತ ಕೇಳಿದೆ. ಕೆಲವು ದಿನ ಬಿಟ್ಟು ಬಂದ ಹಾಳೆ ನಮೂನೆ 16. ಈ ಆಸ್ತಿ ಮೇಲೆ ಈ ಅವಧಿಯಲ್ಲಿ ಯಾವ ವಹಿವಾಟೂ ಕಂಡುಬಂದಿಲ್ಲ ಅಂತ ಅರ್ಥ. ಜನ ಇದನ್ನೇ ನಿಲ್ ಇಸಿ ಅನ್ನುತ್ತಾರೆ.

ಅಪ್ಪನಿಗೆ ತೋರಿಸಿದೆ. "ನಿಲ್ ಬಂತಲ್ಲ, ಇನ್ನೇನು, ಅಡ್ವಾನ್ಸ್ ಕೊಡು" ಅಂದರು. ನನಗೂ ಹಾಗೇ ಅನ್ನಿಸಿತ್ತು.

ಕರಾರು ಬರೆಸೋಣ ಅಂತ ಸಬ್ ರಿಜಿಸ್ಟ್ರಾರ್ ಕಚೇರಿ ಎದುರು ಕೂರುವ ಒಬ್ಬ ಹಿರಿಯ ಪತ್ರ ಬರಹಗಾರರ ಹತ್ತಿರ ಹೋದೆ. ಅವರು ಇಸಿಯನ್ನು ನೋಡಿ ಪಕ್ಕಕ್ಕಿಟ್ಟರು. ಆಮೇಲೆ ಒಂದೊಂದೇ ಕೇಳಿದರು.

"ಯಜಮಾನ್ರಿಗೆ ಈ ಜಮೀನು ಹೇಗೆ ಬಂತು ಸಾರ್? ಪಿತ್ರಾರ್ಜಿತವಾ?"

"ಇಲ್ಲ, 2009ರಲ್ಲಿ ಕ್ರಯಕ್ಕೆ ತಗೊಂಡಿದ್ದಂತೆ."

"ಪತ್ರ ರಿಜಿಸ್ಟರ್ ಆಗಿದೆಯಾ?"

"ಆಗಿದೆ. ಜೆರಾಕ್ಸ್ ಕೊಟ್ಟಿದ್ದಾರೆ."

"ಹಾಗಾದ್ರೆ ಆ ಕ್ರಯಪತ್ರ ಈ ಇಸಿಯಲ್ಲಿ ಎಲ್ಲಿದೆ?"

ನನಗೆ ಉತ್ತರ ಹೊಳೆಯಲಿಲ್ಲ. 2004ರಿಂದ ಇವತ್ತಿನವರೆಗಿನ ಇಸಿ ಅಂದಮೇಲೆ 2009ರ ಕ್ರಯ ಅದರಲ್ಲಿ ಬರಲೇಬೇಕು ಅಲ್ವಾ? ಮಾರುವವರ ಸ್ವಂತ ಪತ್ರವೇ ಕಾಣದಿದ್ದರೆ, ಆ ಇಸಿ ಹುಡುಕಿದ್ದು ಬೇರೆ ಎಲ್ಲೋ ಅಂತ ಅರ್ಥ. ಸಾಲ ಇಲ್ಲ ಅನ್ನುವುದಕ್ಕೆ ಆ ಹಾಳೆ ಸಾಕ್ಷಿಯೇ ಆಗುವುದಿಲ್ಲ.

ಯಾಕೆ ಹೀಗಾಯಿತು ಅಂತ ಅವರೇ ಬಿಡಿಸಿ ಹೇಳಿದರು. ಜೆರಾಕ್ಸ್ ತೆಗೆದು ಕೊನೆಯ ಪುಟದ ಷೆಡ್ಯೂಲ್ ಓದಿಸಿದರು. ಅಲ್ಲಿ "ಸರ್ವೆ ನಂ. 47/2ರ ಪೈಕಿ 1 ಎಕರೆ 20 ಗುಂಟೆ" ಅಂತ ಇತ್ತು. 2009ರಲ್ಲಿ 47/6 ಅನ್ನುವ ನಂಬರೇ ಇರಲಿಲ್ಲ. 47/2 ಅನ್ನುವುದು 4 ಎಕರೆ 10 ಗುಂಟೆಯ ದೊಡ್ಡ ತುಂಡು. ಅದರ ಪೈಕಿ ಒಂದು ಭಾಗವನ್ನು ಇವರು ಕೊಂಡಿದ್ದರು. 2019ರಲ್ಲಿ ಪೋಡಿ ಆಗಿ, ಅಂದರೆ ಜಮೀನನ್ನು ಅಳೆದು ಬೇರೆ ಬೇರೆ ತುಂಡು ಮಾಡಿ, ಇವರ ಭಾಗಕ್ಕೆ 47/6 ಅಂತ ಹೊಸ ನಂಬರ್ ಬಂತು. ಪೋಡಿ ಮಾಡುವುದು ಸರ್ವೆ ಇಲಾಖೆ. ಪಹಣಿ ಬದಲಾಗುವುದು ಕಂದಾಯದವರ ಭೂಮಿ ತಂತ್ರಾಂಶದಲ್ಲಿ. ನೋಂದಣಿ ಕಚೇರಿಯವರು ಮಾತ್ರ ಹಳೆ ಪತ್ರಗಳನ್ನು ತೆಗೆದು ಹೊಸ ನಂಬರ್ ಹಾಕುವುದಿಲ್ಲ. ಪತ್ರದಲ್ಲಿ ಆ ದಿನ ಏನು ಬರೆದಿತ್ತೋ ಅವರ ಸೂಚಿಯಲ್ಲಿ ಅದೇ ಉಳಿಯುತ್ತದೆ. ನಾನು 47/6 ಅಂತ ಕೇಳಿದೆ, 47/6ರಲ್ಲಿ ಏನೂ ಇಲ್ಲ ಅಂತ ಅವರು ಹೇಳಿದರು. ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರವನ್ನೇ ಕೊಟ್ಟಿದ್ದರು.

ಇದನ್ನು ಇಸಿಯ ಮೇಲೇ ಮುದ್ರಿಸಿರುತ್ತಾರೆ. ಅರ್ಜಿದಾರರು ಆಸ್ತಿಯನ್ನು ವಿವರಿಸಿದ ರೀತಿಗೂ ಪತ್ರಗಳಲ್ಲಿ ವಿವರಿಸಿದ ರೀತಿಗೂ ವ್ಯತ್ಯಾಸ ಇದ್ದರೆ ಆ ವಹಿವಾಟು ಇದರಲ್ಲಿ ಸೇರಿರುವುದಿಲ್ಲ, ಅದಕ್ಕೆ ಇಲಾಖೆ ಹೊಣೆಯಲ್ಲ ಅನ್ನುವ ಅರ್ಥದ ಮಾತು. ಸಣ್ಣ ಅಕ್ಷರದಲ್ಲಿ ಇರುತ್ತದೆ. ಸೈಟಿನ ವಿಷಯದಲ್ಲೂ ಇದೇ ಕಥೆ. ಸೈಟ್ ನಂಬರ್ ಹಾಕಿ ತೆಗೆದ ಇಸಿಯಲ್ಲಿ, ಲೇಔಟ್ ಆಗುವ ಮುಂಚೆ ಇಡೀ ಸರ್ವೆ ನಂಬರಿನ ಮೇಲೆ ಆಗಿದ್ದ ವಹಿವಾಟು ಕಾಣುವುದಿಲ್ಲ.

ಈ ಸಲ 47/2 ಹಾಕಿ ಮತ್ತೆ ಅರ್ಜಿ ಕೊಟ್ಟೆ. ಬಂದದ್ದು ನಮೂನೆ 15. ವಹಿವಾಟು ಸಿಕ್ಕಿದಾಗ ಕೊಡುವ ಹಾಳೆ ಅದು. ಏಳು ಸಾಲು ಇದ್ದವು.

ನಮೂನೆ 15 ನೋಡಿದ ತಕ್ಷಣ ಗಾಬರಿಯಾಗಬೇಕಿಲ್ಲ ಅಂತ ನನಗೆ ಆಗ ಗೊತ್ತಿರಲಿಲ್ಲ. ಕ್ರಯ, ದಾನ, ವಿಭಾಗ, ಅಡಮಾನ, ಎಲ್ಲವೂ ಅದರಲ್ಲಿ ಬರುತ್ತವೆ. ಎಲ್ಲವೂ ಭಾರವಲ್ಲ. ಒಂದೊಂದು ಸಾಲಿಗೂ ಆಸ್ತಿಯ ವಿವರ, ಪತ್ರ ಬರೆದ ದಿನಾಂಕ, ಪತ್ರ ಯಾವ ಬಗೆಯದು, ಎಷ್ಟು ಮೊತ್ತ, ಬರೆದುಕೊಟ್ಟವರು ಯಾರು, ಬರೆಸಿಕೊಂಡವರು ಯಾರು, ದಸ್ತಾವೇಜು ಸಂಖ್ಯೆ, ಸಿಡಿ ಸಂಖ್ಯೆ ಅಂತ ಕಾಲಂಗಳಿರುತ್ತವೆ. ನಾವು ಪೆನ್ಸಿಲ್ ಹಿಡಿದು ಕೂತೆವು.

ಮೊದಲ ಸಾಲು 2005ರ ವಿಭಾಗ ಪತ್ರ. ಅಣ್ಣತಮ್ಮಂದಿರು 47/2 ಅನ್ನು ಪಾಲು ಮಾಡಿಕೊಂಡದ್ದು. ಎರಡನೆಯದು 2009ರ ಕ್ರಯ. ಬರೆಸಿಕೊಂಡವರು ನಮಗೆ ಮಾರುತ್ತಿದ್ದ ಯಜಮಾನ್ರು. ಅಬ್ಬಾ, ಈ ಹಾಳೆ ಸರಿಯಾದ ಜಾಗದಲ್ಲಿ ಹುಡುಕಿದೆ ಅಂತ ಆಗ ಸಮಾಧಾನ ಆಯಿತು. ಮೂರನೆಯದು 2010ರಲ್ಲಿ ಇನ್ನೊಬ್ಬ ಅಣ್ಣ ಬೇರೆಯವರಿಗೆ ಮಾರಿದ್ದು. ನಾಲ್ಕನೆಯದು 2013ರ ಅಡಮಾನ ಪತ್ರ. ಬರೆದುಕೊಟ್ಟವರು ನಮ್ಮ ಯಜಮಾನ್ರು, ಬರೆಸಿಕೊಂಡದ್ದು ಒಂದು ಸಹಕಾರಿ ಬ್ಯಾಂಕ್, ಮೊತ್ತ 1,50,000 ರೂಪಾಯಿ. ಐದನೆಯದು 2014ರಲ್ಲಿ ಪಕ್ಕದ ಜಮೀನಿನವರು ಮಾಡಿದ ಅಡಮಾನ. ಆರನೆಯದು 2017ರ ಡಿಸ್ಚಾರ್ಜ್ ಪತ್ರ. ಏಳನೆಯದು 2018ರ ಒಂದು ದಾನಪತ್ರ.

ಒಂದೇ ನಂಬರಿನ ಒಳಗೆ ಮೂರು ನಾಲ್ಕು ಜನರ ಜಮೀನು ಇದ್ದಾಗ ಯಾವ ಸಾಲು ಯಾವ ತುಂಡಿನದ್ದು ಅಂತ ಹೇಗೆ ತಿಳಿಯುವುದು? ಹೆಸರೊಂದೇ ಸಾಲದು. ವಿಸ್ತೀರ್ಣ ನೋಡಬೇಕು, ಚಕ್ಕುಬಂದಿ ನೋಡಬೇಕು. ನಾವು ಕೊಳ್ಳುವ ತುಂಡಿಗೆ ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಬಂಡಿದಾರಿ. ಎರಡನೆಯ ಮತ್ತು ನಾಲ್ಕನೆಯ ಸಾಲಿನಲ್ಲಿ ಮಾತ್ರ ಆ ಚಕ್ಕುಬಂದಿ ಇತ್ತು. ಎರಡು ಎಲ್ಲೆ ಹೊಂದುತ್ತವೆ ಅಂದಮೇಲೆ ಉಳಿದ ಎರಡನ್ನೂ ಹೊಂದಿಸಿ ನೋಡಿದೆವು. ಸರಿಹೋಯಿತು.

ಆರನೆಯ ಸಾಲು ಡಿಸ್ಚಾರ್ಜ್ ಅಂತ ನೋಡಿ, ಸಾಲ ತೀರಿದೆ ಅಂದುಕೊಂಡಿದ್ದೆ. ಪತ್ರ ಬರಹಗಾರರು ಆ ಎರಡು ಸಾಲಿನ ಹೆಸರಿನ ಮೇಲೆ ಬೆರಳಿಟ್ಟು ತೋರಿಸಿದರು. ಡಿಸ್ಚಾರ್ಜ್ ಆಗಿದ್ದು ಪಕ್ಕದವರ 2014ರ ಅಡಮಾನ. ಐದಕ್ಕೆ ಆರು ಜೋಡಿ. ನಾಲ್ಕಕ್ಕೆ ಜೋಡಿ ಇರಲಿಲ್ಲ. "ಅಡಮಾನದ ಸಾಲು ಒಂಟಿಯಾಗಿ ನಿಂತಿದ್ರೆ ಅಲ್ಲೇ ನಿಲ್ಲಿ ಸಾರ್" ಅಂದರು. ಅವತ್ತು ಅಡ್ವಾನ್ಸ್ ಕೊಡಲಿಲ್ಲ.

ಆ ಹೊತ್ತಿಗೆ ನನಗೆ ಇಸಿ ಅನ್ನುವ ಹೆಸರೇ ಹೊಸದಾಗಿ ಕಾಣತೊಡಗಿತು. ಎನ್‌ಕಂಬ್ರೆನ್ಸ್ ಅಂದರೆ ಅಡ್ಡಿ, ಹೊರೆ. ಕನ್ನಡದಲ್ಲಿ ನಾವು ಋಣಭಾರ ಅಂತ ಮಾಡಿಕೊಂಡಿದ್ದೇವೆ. ಋಣ ಅಂದ ಕೂಡಲೇ ತಲೆಗೆ ಬರುವುದು ಸಾಲ. ಅದಕ್ಕೇ ತುಂಬಾ ಜನ ಇಸಿ ಅಂದರೆ ಬ್ಯಾಂಕ್ ಸಾಲ ಇದೆಯಾ ಇಲ್ಲವಾ ಅಂತ ನೋಡುವ ಹಾಳೆ ಅಂದುಕೊಳ್ಳುತ್ತಾರೆ. ಭಾರ ಅನ್ನುವುದು ಅದಕ್ಕಿಂತ ದೊಡ್ಡದು. ದೀರ್ಘಾವಧಿಯ ಗುತ್ತಿಗೆ, ದಾರಿಯ ಹಕ್ಕು, ದಾನ ಕೊಡುವಾಗ ತಾಯಿ ತನಗೆ ಬದುಕಿರುವವರೆಗೂ ಇಟ್ಟುಕೊಂಡ ಅನುಭೋಗದ ಹಕ್ಕು, ಜೀವನಾಂಶಕ್ಕೆ ಅಂತ ಆಸ್ತಿಯ ಮೇಲೆ ಹಾಕಿದ ಹೊಣೆ, ಇವೆಲ್ಲ ಭಾರಗಳೇ. ಒಂದು ಪೈಸೆ ಸಾಲ ಇಲ್ಲದಿದ್ದರೂ ಇವು ಇರಬಹುದು.

ನನ್ನ ಹೆಂಡತಿಯ ಊರು ಧಾರವಾಡದ ಕಡೆ. ಮಾವನಿಗೆ ಫೋನ್ ಮಾಡಿ ವಿಷಯ ಹೇಳಿದಾಗ ಅವರು ಕೇಳಿದ ಮೊದಲ ಮಾತು, "ಉತಾರದ ಮ್ಯಾಲೆ ಬೋಜಾ ಐತೇನು?" ಆ ಭಾಗದಲ್ಲಿ ಪಹಣಿಗೆ ಉತಾರ ಅನ್ನುತ್ತಾರೆ, ಅದರ ಮೇಲೆ ಏರಿದ ಸಾಲಕ್ಕೆ ಬೋಜಾ. ಬೋಜಾ ಏರಿಸೋದು, ಬೋಜಾ ಇಳಿಸೋದು. ಈ ಮಾತು ನನಗೆ ತುಂಬಾ ಇಷ್ಟವಾಯಿತು. ಹೊರೆ ಏರಿರುವುದು ಉತಾರದ ಮೇಲೆ, ಅಂದರೆ ನೆಲದ ಮೇಲೆ. ಸಾಲ ಮಾಡಿದವರು ಜಮೀನು ಮಾರಿ ಹೋದರೆ ಅವರ ಜೊತೆ ಹೊರೆ ಹೋಗುವುದಿಲ್ಲ. ನೆಲದ ಜೊತೆ ಕೊಂಡವರಿಗೆ ಬರುತ್ತದೆ. "ನನಗೆ ಗೊತ್ತಿರಲಿಲ್ಲ" ಅನ್ನುವ ಮಾತೂ ನಡೆಯುವುದಿಲ್ಲ. ಸ್ವತ್ತು ವರ್ಗಾವಣೆ ಕಾಯ್ದೆಯ 3ನೇ ಕಲಮಿನ ಪ್ರಕಾರ, ನೋಂದಣಿಯಾದ ಪತ್ರ ಕೊಳ್ಳುವವರಿಗೆ ತಿಳಿದಿದೆ ಅಂತಲೇ ಲೆಕ್ಕ.

ಮಾವನ ಪ್ರಶ್ನೆಗೆ ಉತ್ತರ ಹುಡುಕಲು ಪಹಣಿ ನೋಡಿದೆ. 11ನೇ ಕಾಲಂನಲ್ಲಿ ಇತರೆ ಹಕ್ಕುಗಳು ಮತ್ತು ಋಣಗಳು ಬರುತ್ತವೆ. 47/6ರ ಪಹಣಿಯಲ್ಲಿ ಅದು ಖಾಲಿ. 47/2ರ 2015ರ ಹಳೆ ಪಹಣಿ ತೆಗೆಸಿದರೆ ಅಲ್ಲಿ ಬ್ಯಾಂಕಿನ ಹೆಸರು, ಮೊತ್ತ ಎರಡೂ ಇದ್ದವು. ಪೋಡಿ ಆದಾಗ ಹೊಸ ಪಹಣಿಗೆ ಆ ಸಾಲು ದಾಟಿ ಬಂದಿರಲಿಲ್ಲ. ಹೊಸ ನಂಬರಿನ ಇಸಿ ನಿಲ್, ಹೊಸ ನಂಬರಿನ ಪಹಣಿ ಖಾಲಿ. ಎರಡೂ ಒಂದೇ ಕಾರಣಕ್ಕೆ ಸುಮ್ಮನಿದ್ದವು. ಎರಡು ದಾಖಲೆ ಹೊಂದುತ್ತವೆ ಅಂತ ನಾನು ನಂಬಿಬಿಡುತ್ತಿದ್ದೆ.

ಯಜಮಾನ್ರು ಮೋಸ ಮಾಡುವ ಜನ ಅಲ್ಲ. ಮನೆಗೆ ಹೋಗಿ ಹಾಳೆ ತೋರಿಸಿದಾಗ ಅವರ ಮುಖ ಬಾಡಿಹೋಯಿತು. "ಅದು ಮನ್ನಾ ಆಗಿದೆಯಲ್ಲಪ್ಪಾ, 2018ರಲ್ಲೇ" ಅಂದರು. ಆ ವರ್ಷ ರಾಜ್ಯದಲ್ಲಿ ಮನ್ನಾ ಆಗಿದ್ದು ಬೆಳೆ ಸಾಲ. ಅವರ ಬೆಳೆ ಸಾಲ ಮನ್ನಾ ಆಗಿದ್ದೂ ನಿಜ. ಆದರೆ 2013ರದ್ದು ಬೋರ್‌ವೆಲ್ ಕೊರೆಸಲು ತೆಗೆದ ಸಾಲ. ಜಮೀನು ಅಡವಿಟ್ಟು ತೆಗೆದದ್ದು. ಅದು ಬೇರೆ ಖಾತೆ. ಅರ್ಧಕ್ಕಿಂತ ಜಾಸ್ತಿ ಕಟ್ಟಿದ್ದರು, ಆಮೇಲೆ ಮನ್ನಾ ಸುದ್ದಿ ಕೇಳಿ ನಿಲ್ಲಿಸಿದ್ದರು. ಇಬ್ಬರೂ ಬ್ಯಾಂಕಿಗೆ ಹೋದೆವು. ಬಡ್ಡಿ ಸೇರಿ ಬಾಕಿ 1,12,000 ರೂಪಾಯಿ.

ಮುಂದೆ ಮಾಡಿದ್ದು ಇಷ್ಟು. ಕರಾರಿನಲ್ಲಿ ಈ ಸಾಲದ ವಿಷಯ ಬಿಡಿಸಿ ಬರೆಸಿದೆವು. ನನ್ನ ಅಡ್ವಾನ್ಸ್‌ನಲ್ಲಿ ಬಾಕಿಯಷ್ಟನ್ನು ಯಜಮಾನ್ರ ಕೈಗೆ ಕೊಡದೆ, ಅವರ ಸಾಲದ ಖಾತೆಗೆ ಡಿಡಿ ಮಾಡಿ ಕಟ್ಟಿದೆ. ಬ್ಯಾಂಕಿನವರು ಬೇಬಾಕಿ ಪತ್ರ ಕೊಟ್ಟರು. ತುಂಬಾ ಜನ ಇಲ್ಲಿಗೆ ನಿಲ್ಲಿಸುತ್ತಾರೆ. ಬೇಬಾಕಿ ಪತ್ರ ಬ್ಯಾಂಕಿಗೂ ಸಾಲಗಾರರಿಗೂ ನಡುವಿನ ಕಾಗದ. ಅದು ಇಸಿಯಲ್ಲಿ ಬರುವುದಿಲ್ಲ. ಅಡಮಾನವನ್ನು ನೋಂದಣಿ ಮಾಡಿಸಿದ್ದರೆ ಬಿಡುಗಡೆಯನ್ನೂ ನೋಂದಣಿ ಮಾಡಿಸಬೇಕು. ಬ್ಯಾಂಕಿನ ಅಧಿಕಾರಿ ಸಬ್ ರಿಜಿಸ್ಟ್ರಾರ್ ಮುಂದೆ ಬಂದು ಡಿಸ್ಚಾರ್ಜ್ ಪತ್ರಕ್ಕೆ ಸಹಿ ಹಾಕಬೇಕು. ಅವರ ದಿನ ಹೊಂದಿಸಿಕೊಳ್ಳುವುದಕ್ಕೇ ಮೂರು ವಾರ ಹಿಡಿಯಿತು. ಬ್ಯಾಂಕಿನಲ್ಲಿದ್ದ 2009ರ ಮೂಲ ಕ್ರಯಪತ್ರ ಕೂಡ ಆಗಲೇ ಯಜಮಾನ್ರ ಕೈಗೆ ವಾಪಸ್ ಬಂದದ್ದು. ಮೊದಲ ದಿನ ಅವರು ಜೆರಾಕ್ಸ್ ಮಾತ್ರ ತೋರಿಸಿದಾಗಲೇ ನಾನು "ಮೂಲ ಪತ್ರ ಎಲ್ಲಿದೆ?" ಅಂತ ಕೇಳಬೇಕಿತ್ತು.

ಈ ಪ್ರಶ್ನೆ ಇಸಿಗಿಂತಲೂ ಒಳಗೆ ಹೋಗುತ್ತದೆ. ಮೂಲ ಪತ್ರಗಳನ್ನು ಬ್ಯಾಂಕಿನಲ್ಲಿ ಇಟ್ಟು ಸಾಲ ತೆಗೆಯುವುದೂ ಕಾನೂನಿನ ಪ್ರಕಾರ ಒಂದು ಬಗೆಯ ಅಡಮಾನ. ಅದಕ್ಕೆ ನೋಂದಣಿಯಾದ ಪತ್ರ ಇರಲೇಬೇಕೆಂದಿಲ್ಲ. ನೋಂದಣಿ ಇಲ್ಲದಿದ್ದರೆ ಇಸಿಯಲ್ಲಿ ಸುಳಿವೂ ಸಿಗುವುದಿಲ್ಲ. ಬ್ಯಾಂಕುಗಳು ಇಂಥ ಸಾಲಗಳನ್ನು ದಾಖಲು ಮಾಡಲು ಸೆರ್ಸೈ ಅಂತ ಕೇಂದ್ರದ ಒಂದು ನೋಂದಣಿ ವ್ಯವಸ್ಥೆ 2011ರಿಂದ ಇದೆ. ಶುಲ್ಕ ಕಟ್ಟಿ ಯಾರು ಬೇಕಾದರೂ ಅಲ್ಲಿ ಹುಡುಕಬಹುದು. ಅದಕ್ಕಿಂತ ಸುಲಭದ ದಾರಿ, ಮೂಲ ಪತ್ರವನ್ನು ಕೈಯಲ್ಲಿ ಹಿಡಿದು ನೋಡುವುದು.

ಇಸಿ ಯಾಕೆ ಎಲ್ಲವನ್ನೂ ಹೇಳುವುದಿಲ್ಲ ಅನ್ನುವುದು ನೋಂದಣಿ ಕಚೇರಿಯ ಪುಸ್ತಕಗಳನ್ನು ತಿಳಿದರೆ ಅರ್ಥವಾಗುತ್ತದೆ. 1908ರ ನೋಂದಣಿ ಕಾಯ್ದೆಯ ಪ್ರಕಾರ ಸ್ಥಿರಾಸ್ತಿಯ ಪತ್ರಗಳು 1ನೇ ಪುಸ್ತಕಕ್ಕೆ ಹೋಗುತ್ತವೆ. ಇಸಿ ಹುಡುಕುವುದು ಅದರ ಸೂಚಿಯಲ್ಲಿ. ಉಯಿಲುಗಳು 3ನೇ ಪುಸ್ತಕದಲ್ಲಿರುತ್ತವೆ. ನೋಂದಣಿ ಮಾಡಿಸಿದ ಉಯಿಲಾದರೂ ಇಸಿಯಲ್ಲಿ ಕಾಣುವುದಿಲ್ಲ. ಬಾಯಿಮಾತಿನ ಪಾಲು, ಪೌತಿ ಖಾತೆ, ನ್ಯಾಯಾಲಯದಲ್ಲಿ ನಡೆಯುತ್ತಿರುವ ಪಾಲಿನ ದಾವೆ, ಬಿಳಿ ಹಾಳೆಯ ಮೇಲೆ ಬರೆದುಕೊಂಡ ಭೋಗ್ಯ, ಇವಕ್ಕೂ ಅಲ್ಲಿ ಜಾಗ ಇಲ್ಲ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಅನುಮತಿ ಇಲ್ಲದೆ ಮಾರುವಂತಿಲ್ಲ ಅಂತ 1978ರ ಕಾಯ್ದೆ ಹೇಳುತ್ತದೆ. ಅದನ್ನೂ ಇಸಿ ಎಚ್ಚರಿಸುವುದಿಲ್ಲ. ಇವಕ್ಕೆ ಮಂಜೂರಾತಿ ದಾಖಲೆ, ವಂಶವೃಕ್ಷ, ವಕೀಲರು ಬೇಕು. ಊರಿನವರ ಹತ್ತಿರ ಕೂತು ಮಾತಾಡುವುದೂ ಬೇಕು. ನಮ್ಮ ಪಕ್ಕದ ಜಮೀನಿನವರು ಒಂದು ಟೀ ಕುಡಿಯುವಷ್ಟರಲ್ಲಿ ಹೇಳಿದ್ದನ್ನು ಯಾವ ಪ್ರಮಾಣ ಪತ್ರವೂ ಹೇಳಿರಲಿಲ್ಲ. ಹಳ್ಳದ ಕಡೆಯಿಂದ ಅವರ ಎತ್ತಿನ ಗಾಡಿ ನಮ್ಮ ತೆಂಗಿನ ಸಾಲಿನ ಒಳಗೇ ಹಾದುಹೋಗುವುದು ಅವರ ತಂದೆಯ ಕಾಲದಿಂದ ನಡೆದುಬಂದದ್ದಂತೆ. ಅದನ್ನು ಒಪ್ಪಿಯೇ ಕೊಂಡೆವು.

2004ಕ್ಕಿಂತ ಹಿಂದಿನದನ್ನು ಕಚೇರಿಗೇ ಹೋಗಿ ಕೇಳಬೇಕು. ಕೈಬರಹದ ಸೂಚಿ ಪುಸ್ತಕಗಳಲ್ಲಿ ಹುಡುಕಿ ಕೊಡುತ್ತಾರೆ. ನಾನು ಒಟ್ಟು 30 ವರ್ಷದ್ದು ಕೇಳಿದೆ. ವಕೀಲರು 30 ವರ್ಷ ಅಂತ ಹೇಳುವುದಕ್ಕೆ ಒಂದು ಕಾರಣ ಇದೆ. ಅಡವಿಟ್ಟವರು ಅದನ್ನು ಬಿಡಿಸಿಕೊಳ್ಳಲು ದಾವೆ ಹೂಡುವ ಕಾಲಮಿತಿ 30 ವರ್ಷ. ಎಂಟು ದಿನ ಬಿಟ್ಟು ಸಿಕ್ಕಿದ ಹಾಳೆಯಲ್ಲಿ ಒಂದೇ ಸಾಲು ಇತ್ತು. ಆ ಅಣ್ಣತಮ್ಮಂದಿರ ತಂದೆ 1996ರಲ್ಲಿ 47/2 ಅನ್ನು ಕ್ರಯಕ್ಕೆ ಪಡೆದದ್ದು. ಅದಕ್ಕೆ 2005ರ ವಿಭಾಗ ಸೇರಿತು, ವಿಭಾಗಕ್ಕೆ 2009ರ ಕ್ರಯ ಸೇರಿತು. ಎಲ್ಲೂ ಕೊಂಡಿ ಕಳಚಿರಲಿಲ್ಲ.

ರಿಜಿಸ್ಟ್ರೇಷನ್ ಹಿಂದಿನ ದಿನ ಎರಡೂ ನಂಬರಿಗೆ ಇನ್ನೊಮ್ಮೆ ಇಸಿ ನೋಡಿದೆ. 47/2ರಲ್ಲಿ ಎಂಟನೆಯ ಸಾಲು ಬಂದಿತ್ತು, ಡಿಸ್ಚಾರ್ಜ್ ಪತ್ರ. ನಾಲ್ಕನೆಯ ಸಾಲು ಅಳಿಸಿಹೋಗಿರುತ್ತದೆ ಅಂತ ಅಪ್ಪ ಅಂದುಕೊಂಡಿದ್ದರು. ಅದು ಅಳಿಸುವುದಿಲ್ಲ, ಹಾಗೇ ಇರುತ್ತದೆ. ಮುಂದೆ ನಮ್ಮ ಮಕ್ಕಳು ಇಸಿ ತೆಗೆದರೂ 2013ರ ಅಡಮಾನ ಕಾಣುತ್ತದೆ, ಅದರ ಕೆಳಗೆ ಜೋಡಿಯೂ ಕಾಣುತ್ತದೆ. ಡಿಸ್ಚಾರ್ಜ್ ಪತ್ರದಲ್ಲಿ "ಹಳೆಯ ಸರ್ವೆ ನಂ. 47/2ರ ಪೈಕಿ, ಪೋಡಿ ನಂತರ ಹೊಸ ನಂ. 47/6" ಅಂತ ಎರಡನ್ನೂ ಬರೆಸಿದೆವು. ನಮ್ಮ ಕ್ರಯಪತ್ರದ ಷೆಡ್ಯೂಲಿನಲ್ಲೂ ಹಾಗೇ ಬರೆಸಿದೆವು. ಇದನ್ನು ಪತ್ರ ಬರಹಗಾರರು ಕೇಳದೆಯೇ ಮಾಡಿದರು.

ಹಿಂದಿನ ದಿನದ ಇಸಿಗೂ ಒಂದು ಮಿತಿ ಇದೆ ಅಂತ ಅವರೇ ಹೇಳಿದ್ದು. ಸಹಿ ಮಾಡಿದ ಪತ್ರವನ್ನು ನೋಂದಣಿಗೆ ಹಾಜರುಪಡಿಸಲು ಕಾಯ್ದೆಯಲ್ಲಿ ನಾಲ್ಕು ತಿಂಗಳ ಅವಕಾಶ ಇದೆ. ನೋಂದಣಿಯಾದ ಮೇಲೆ ಆ ಪತ್ರ ಸಹಿಯಾದ ದಿನದಿಂದಲೇ ಜಾರಿಗೆ ಬಂದಂತೆ. ಅಂದರೆ ನಮಗಿಂತ ಮೊದಲೇ ಯಾರಿಗೋ ಸಹಿ ಮಾಡಿಕೊಟ್ಟ ಪತ್ರ ನಮ್ಮದಾದ ಮೇಲೆ ನೋಂದಣಿಗೆ ಬರಬಹುದು. ಈಗ ಹೆಚ್ಚಿನ ಪತ್ರಗಳಿಗೆ ಅದೇ ದಿನ ಸಹಿ, ಅದೇ ದಿನ ನೋಂದಣಿ ಆಗುವುದರಿಂದ ಇದು ಅಪರೂಪ. ಆದರೂ ಅವರು "ಐದು ತಿಂಗಳು ಬಿಟ್ಟು ಒಂದ್ಸಲ ಇಸಿ ತೆಗೆದುಬಿಡಿ" ಅಂದಿದ್ದರು.

ಹೋದ ತಿಂಗಳು ತೆಗೆದೆ. 47/6 ಅಂತ ಹಾಕಿದರೆ ಈ ಸಲ ನಿಲ್ ಬರಲಿಲ್ಲ. ಎರಡು ಸಾಲು ಇದ್ದವು, ಬ್ಯಾಂಕಿನ ಡಿಸ್ಚಾರ್ಜ್ ಮತ್ತು ನಮ್ಮ ಕ್ರಯ. ಅಪ್ಪ ಕನ್ನಡಕ ಹಾಕಿಕೊಂಡು ಬರೆಸಿಕೊಂಡವರ ಕಾಲಂನಲ್ಲಿ ನನ್ನ ಹೆಸರಿನ ಕಾಗುಣಿತ ಸರಿ ಇದೆಯಾ ಅಂತ ನೋಡಿದರು. ಆಮೇಲೆ ಆ ಹಾಳೆಯನ್ನು ಮಡಚಿ ಕ್ರಯಪತ್ರದ ಜೊತೆ ಬೀರುವಿನಲ್ಲಿಟ್ಟರು.